ಡಿಸ್‌ಪ್ಲೇ ಮಾತ್ರ 80 ಅಂತಲೇ ತೋರಿಸುತ್ತಿತ್ತು

ಪ್ಲಾಸ್ಟಿಕ್ ಪೈಪುಗಳ ಒತ್ತಡ ಪರೀಕ್ಷೆಗೆ ನಮ್ಮಲ್ಲಿ 200 ಲೀಟರಿನ ಬಿಸಿನೀರ ತೊಟ್ಟಿ ಇದೆ. ಪೈಪಿಗೆ ಒತ್ತಡ ಕೊಟ್ಟು 80 ಡಿಗ್ರಿ ನೀರಲ್ಲಿ 165 ಗಂಟೆ ಇಡಬೇಕು. 6 ಕಿಲೋವ್ಯಾಟ್ ಹೀಟರ್, ಎರಡು ವೈರಿನ ಪಿಟಿ100 ಸೆನ್ಸರ್, ಒಂದು ಪಿಐಡಿ ಕಂಟ್ರೋಲರ್. ಇಷ್ಟೇ ಸರಂಜಾಮು.

ಮೂರನೇ ದಿನ ನಮ್ಮ ಹುಡುಗ ಸುಮ್ಮನೆ ಗಾಜಿನ ಥರ್ಮಾಮೀಟರ್ ಇಳಿಬಿಟ್ಟು, "ಸರ್, ಇದರಲ್ಲಿ 77 ಚಿಲ್ಲರೆ ಬರ್ತಿದೆ" ಅಂದ. ಡಿಸ್‌ಪ್ಲೇಯಲ್ಲಿ 80.0. ಸೆನ್ಸರಿನ ತಲೆ ಬಿಚ್ಚಿದರೆ ಒಂದು ಸ್ಕ್ರೂ ಸಡಿಲಾಗಿ ಕಪ್ಪಗಾಗಿತ್ತು. ಆ ಜೋಡಣೆಯಲ್ಲಿ ಹತ್ತಿರಹತ್ತಿರ 1 ಓಮ್ ಹೆಚ್ಚುವರಿ ರೋಧ. ಬಿಸಿ ಏರಿದಂತೆ ಪಿಟಿ100ರ ರೋಧ ಡಿಗ್ರಿಗೆ ಸುಮಾರು 0.38 ಓಮ್ ಏರುತ್ತದೆ, ಅಂದರೆ 2.6 ಡಿಗ್ರಿ ಸುಳ್ಳು. ನೀರು ತಣ್ಣಗಿದ್ದರೆ ಪೈಪ್ ಹೆಚ್ಚು ತಾಳುತ್ತದೆ, ಫೇಲಾಗಬೇಕಾದ್ದು ಪಾಸಾಗುತ್ತದೆ. ಆ ಮೂರು ದಿನದ ಪರೀಕ್ಷೆ ದಂಡ.

ಲಾಗ್ ತೆಗೆದು ನೋಡಿದಾಗ ಬೆಪ್ಪಾದೆ. ತಾಪಮಾನದ ಗೆರೆಯಲ್ಲಿ ಒಂದು ಗೀರೂ ಇಲ್ಲ. ಇರುವುದಾದರೂ ಹೇಗೆ? ಸೆನ್ಸರ್ ಹೇಳಿದ್ದನ್ನು 80ಕ್ಕೆ ತಂದು ನಿಲ್ಲಿಸುವುದೇ ಪಿಐಡಿಯ ಕೆಲಸ. ಸುಳ್ಳು ಏರಿದಷ್ಟೂ ಅದು ನಿಜವಾದ ನೀರನ್ನು ತಣ್ಣಗಾಗಿಸಿದೆ. ಹೀಟರಿನ ಗೆರೆಯಲ್ಲಿ ಮಾತ್ರ ಒಂದು ಗುಂಡಿ ಕಂಡಿತು: 37 ಶೇಕಡಾ ಇದ್ದದ್ದು ಇಪ್ಪತ್ತು ನಿಮಿಷ 6–7ಕ್ಕೆ ಇಳಿದು, ಆಮೇಲೆ 35ಕ್ಕೆ ನಿಂತಿದೆ. 37ಕ್ಕೂ 35ಕ್ಕೂ ಇರುವ ವ್ಯತ್ಯಾಸವನ್ನು ಯಾರು ಗಮನಿಸುತ್ತಾರೆ?

ಹೀಟರಿಗೆ ಹೋದ ಶಕ್ತಿ ನಮಗೆ ಗೊತ್ತು. ಅದನ್ನು ತೊಟ್ಟಿಯ ಗಣಿತದ ಮಾದರಿಗೆ ಕೊಟ್ಟರೆ ನೀರು ಎಷ್ಟು ಬಿಸಿ ಇರಬೇಕೆಂದು ಅದು ಹೇಳುತ್ತದೆ. ಹೀಗೆ ಅಂದಾಜು ಹಾಕುವ ಲೆಕ್ಕಕ್ಕೆ ಅಬ್ಸರ್ವರ್ ಎಂದು ಹೆಸರು, ಅಳತೆಗೂ ಈ ಅಂದಾಜಿಗೂ ಇರುವ ವ್ಯತ್ಯಾಸವೇ ರೆಸಿಡ್ಯುಯಲ್. ಕಂಟ್ರೋಲರ್ ಏನೇ ಆಟ ಆಡಿದರೂ ಅದು ಕೊಟ್ಟ ಶಕ್ತಿಯೇ ಅಬ್ಸರ್ವರಿಗೂ ಹೋಗುವುದರಿಂದ, ರೆಸಿಡ್ಯುಯಲನ್ನು ಅದು ಮುಚ್ಚಿಹಾಕಲಾರದು.

ಮಾದರಿಗೆ ಬೇಕಾದ್ದು ಎರಡು ಸಂಖ್ಯೆ. ನೀರಿನ ಉಷ್ಣಧಾರಣೆ `C` = 200 × 4186, ಅಂದರೆ ಡಿಗ್ರಿಗೆ ಸುಮಾರು 837 ಕಿಲೋಜೂಲ್. ಶಾಖ ಸೋರಿಕೆಗೆ ಹೀಟರ್ ಆರಿಸಿ, ಮುಚ್ಚಳ ಹಾಕಿ ಒಂದು ಗಂಟೆ ಕಾದೆ. ಹೊರಗೆ 25 ಇದ್ದಾಗ ನೀರು 80ರಿಂದ 71.3ಕ್ಕೆ ಇಳಿಯಿತು. ಲೆಕ್ಕ ಹಾಕಿದರೆ ಸೋರಿಕೆ `UA` ಡಿಗ್ರಿಗೆ 40 ವ್ಯಾಟ್. ಮಿಕ್ಕಿದ್ದು ಹತ್ತು ಸೆಕೆಂಡಿಗೊಮ್ಮೆ ಓಡುವ ಎರಡು ಸಾಲು:

```python
r = T_meas - T_hat
T_hat += dt*((P - UA*(T_hat - T_amb))/C + L*r)
```

ಹಳೆಯ ಲಾಗನ್ನೇ ಇದರಲ್ಲಿ ಓಡಿಸಿದೆ. ಮೊದಲ ಸಲ ಏನೂ ಸಿಗಲಿಲ್ಲ. ಅಬ್ಸರ್ವರ್ ಚುರುಕಾಗಿರಬೇಕೆಂದು ಕಾಲೇಜಿನಲ್ಲಿ ಕಲಿತದ್ದು ತಲೆಯಲ್ಲಿತ್ತು, ಹಾಗಾಗಿ ಅಂದಾಜನ್ನು ಅಳತೆಯ ಕಡೆ ಎಳೆಯುವ `L` ಅನ್ನು `1/120` ಇಟ್ಟಿದ್ದೆ. ಎರಡೇ ನಿಮಿಷದಲ್ಲಿ ಅಂದಾಜು ಸೆನ್ಸರಿನ ಹಿಂದೆಯೇ ಓಡಿಬಿಡುತ್ತದೆ, ಸುಳ್ಳನ್ನೂ ನಂಬಿಬಿಡುತ್ತದೆ. ರೆಸಿಡ್ಯುಯಲ್ ಕಾಲು ಡಿಗ್ರಿ ದಾಟಲಿಲ್ಲ. ಆ ನಿಯಮ ಅಬ್ಸರ್ವರಿನ ಅಂದಾಜಿನಿಂದಲೇ ನಿಯಂತ್ರಣ ಮಾಡುವವರಿಗೆ. ಇಲ್ಲಿ ನನಗೆ ಬೇಕಾದದ್ದು ಸೆನ್ಸರಿನ ಮಾತನ್ನು ಸುಲಭಕ್ಕೆ ಒಪ್ಪದ ಮೊಂಡ. `L = 1/10800`, ಅಂದರೆ ಮೂರು ಗಂಟೆ, ಮಾಡಿದ ಮೇಲೆ ಅದೇ ಇಪ್ಪತ್ತು ನಿಮಿಷದ ಕೊನೆಗೆ ರೆಸಿಡ್ಯುಯಲ್ 2.4ಕ್ಕೆ ಏರಿತು. ಆಮೇಲೆ ಗಂಟೆಗಟ್ಟಲೆ ಇಳಿಯುತ್ತಾ ಹೋಗಿ 0.9ರ ಆಸುಪಾಸಿನಲ್ಲಿ ನಿಂತಿತು.

ಹಾಗಾದರೆ `L` ಸೊನ್ನೆ ಮಾಡಿದರೆ? ಆಗ ಸೋರಿಕೆಯ ಲೆಕ್ಕದಲ್ಲಿ ಹತ್ತು ಶೇಕಡಾ ತಪ್ಪಿದ್ದರೂ ಐದೂವರೆ ಡಿಗ್ರಿ ಹುಸಿ ವ್ಯತ್ಯಾಸ ಬರುತ್ತದೆ. ಮೂರು ಗಂಟೆಯ `L` ಇದ್ದರೂ ಅದೇ ತಪ್ಪು 1.9 ಡಿಗ್ರಿ ತೋರಿಸುತ್ತದೆ, ಅದಕ್ಕೇ ಸೋರಿಕೆಯನ್ನು ಅಳೆದೇ ಹಾಕಬೇಕು.

ಆರೋಗ್ಯವಾಗಿದ್ದ ಒಂದು ವಾರದ ಲಾಗಿನಲ್ಲಿ ರೆಸಿಡ್ಯುಯಲ್ 0.6ರೊಳಗೆ ಇದ್ದದ್ದರಿಂದ, ಪ್ಲಸ್ ಆಗಲಿ ಮೈನಸ್ ಆಗಲಿ 1.2 ದಾಟಿ ಐದು ನಿಮಿಷ ನಿಂತರೆ ಗಂಟೆ ಹೊಡೆಯಲಿ ಅಂತ ಇಟ್ಟೆ. ಚಳಿ ಶುರುವಾದ ಮೊದಲ ರಾತ್ರಿಯೇ ಹೊಡೆಯಿತು. ಹೊರಗಿನ ತಾಪಮಾನವನ್ನು 25 ಎಂದೇ ಬರೆದಿಟ್ಟಿದ್ದೆ. ಅದು 19ಕ್ಕೆ ಇಳಿದು ಬೆಳಗಿನ ಜಾವದ ಹೊತ್ತಿಗೆ ರೆಸಿಡ್ಯುಯಲ್ ಮೈನಸ್ 1.5 ಆಗಿತ್ತು. ಕೋಣೆಗೂ ಒಂದು ಸೆನ್ಸರ್ ಹಾಕಿದ ಮೇಲೆ ಆ ಕಾಟ ನಿಂತಿತು.

ಚಿಹ್ನೆಯೂ ಸುಳಿವು ಕೊಡುತ್ತದೆ. ಮುಚ್ಚಳ ತೆರೆದಿಟ್ಟರೆ ನೀರು ಮಾದರಿ ಹೇಳಿದ್ದಕ್ಕಿಂತ ಹೆಚ್ಚು ತಣಿಯುವುದರಿಂದ ರೆಸಿಡ್ಯುಯಲ್ ಮೈನಸ್ ಕಡೆ ಹೋಗುತ್ತದೆ. ಪ್ಲಸ್ ಆದರೆ ಯಾರೋ ಹೆಚ್ಚುವರಿ ಶಾಖ ಕೊಟ್ಟಿರಬೇಕು, ಇಲ್ಲವೇ ಸೆನ್ಸರ್ ಸುಳ್ಳು ಹೇಳುತ್ತಿರಬೇಕು. ಮುಚ್ಚಿದ ತೊಟ್ಟಿಗೆ ಶಾಖ ಕೊಡುವವರು ಬೇರೆ ಯಾರೂ ಇಲ್ಲ. ಆದ್ದರಿಂದ ಪ್ಲಸ್ ಅಲಾರಂ ಬಂದರೆ ಕಂಟ್ರೋಲರನ್ನು ಮ್ಯಾನ್ಯುಯಲ್‌ಗೆ ಹಾಕಿ, ಹಿಂದಿನ ದಿನದ ಸರಾಸರಿ 37 ಶೇಕಡಾದಲ್ಲೇ ಹೀಟರ್ ಬಿಡುತ್ತೇವೆ, ಆಮೇಲೆ ಸೆನ್ಸರಿನ ತಲೆ ಬಿಚ್ಚುತ್ತೇವೆ. ಮೈನಸ್ ಬಂದಾಗ ಇಷ್ಟು ಧೈರ್ಯವಿಲ್ಲ. ಕಡಿಮೆ ತೋರಿಸುವ ಸೆನ್ಸರೂ ತೆರೆದ ಮುಚ್ಚಳವೂ ಗೆರೆಯಲ್ಲಿ ಒಂದೇ ಥರ ಕಾಣುತ್ತವೆ, ಎದ್ದುಹೋಗಿ ನೋಡಲೇಬೇಕು.

ವಾರಗಟ್ಟಲೆ ನಿಧಾನವಾಗಿ ಜಾರುವ ಸೆನ್ಸರ್ ಈ ಬಲೆಗೆ ಬೀಳುವುದಿಲ್ಲ. ಒಂದು ಡಿಗ್ರಿ ಜಾರಿದರೆ ರೆಸಿಡ್ಯುಯಲ್‌ನಲ್ಲಿ ಉಳಿಯುವುದು ಅದರ ಮೂರನೇ ಒಂದು ಭಾಗ, ಅದು ಮಾಮೂಲಿ ಏರಿಳಿತದೊಳಗೇ ಮುಳುಗಿಹೋಗುತ್ತದೆ. ಅದಕ್ಕೆ ಬೇರೆ ವೈರಿಂಗಿನ ಎರಡನೇ ಪಿಟಿ100 ಇಳಿಸಿದ್ದೇವೆ. ಹುಡುಗ ಈಗಲೂ ದಿನಕ್ಕೊಮ್ಮೆ ಗಾಜಿನ ಥರ್ಮಾಮೀಟರ್ ಅದ್ದುತ್ತಾನೆ, ನಾನು ಬೇಡ ಅನ್ನುವುದಿಲ್ಲ.