ಅಪ್ಪ ತೀರಿಕೊಂಡ ಮೇಲೆ ಟಿಇಟಿ ಓದನ್ನು ಮತ್ತೆ ಹಿಡಿದದ್ದು ಹೀಗೆ

ನಾನು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯವಳು. ಬಿ.ಇಡಿ ಮುಗಿಸಿ ಅತಿಥಿ ಶಿಕ್ಷಕಿಯಾಗಿ ಕೆಲಸ ಮಾಡುತ್ತಾ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿಯ ಎರಡನೇ ಪತ್ರಿಕೆಗೆ ಓದುತ್ತಿದ್ದೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಮಣ್ಣು, ದಿನದ ಕಾರ್ಯ, ಬಂದುಹೋಗುವ ನೆಂಟರು, ಅದೇ ಹೊತ್ತಿಗೆ ಕೊಯ್ಲಿಗೆ ಬಂದ ಭತ್ತ. ಮೂರು ವಾರಕ್ಕೂ ಜಾಸ್ತಿ ಪುಸ್ತಕ ಮುಟ್ಟಲಿಲ್ಲ. ಆಮೇಲೆ ಆ ಓದನ್ನು ಹೇಗೆ ಉಳಿಸಿಕೊಂಡೆ ಅಂತ ಬರೆಯುತ್ತಿದ್ದೇನೆ. ಇದೇ ಸ್ಥಿತಿಯಲ್ಲಿ ಇರುವವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ.

ಗೋಡೆಗೆ ಅಂಟಿಸಿದ್ದ ಹಳೆಯ ವೇಳಾಪಟ್ಟಿಯನ್ನು ಮೊದಲು ತೆಗೆದೆ. ಅದು ಅಪ್ಪ ಇದ್ದಾಗಿನ ಮನೆಗೆ ಮಾಡಿದ ಪಟ್ಟಿ. ತಪ್ಪಿದ ಅಧ್ಯಾಯಗಳನ್ನೆಲ್ಲ ಉಳಿದ ವಾರಗಳಿಗೆ ತುರುಕಿದರೆ ದಿನಕ್ಕೆ ಒಂಬತ್ತು ಗಂಟೆ ಓದಬೇಕಿತ್ತು. ಆಗ ನನಗೆ ಒಂದು ಗಂಟೆ ಕೂರುವುದೇ ಕಷ್ಟವಾಗಿತ್ತು.

ಹೊಸ ಪಟ್ಟಿ ಮಾಡುವ ಮೊದಲು ಹಿಂದಿನ ವರ್ಷದ ಒಂದು ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಏನೂ ಓದದೆ, ಗಡಿಯಾರ ನೋಡಿ ಬರೆದೆ. ಇಡೀ ಅನುಭವದಲ್ಲಿ ನನಗೆ ಹೆಚ್ಚು ಉಪಯೋಗವಾದದ್ದು ಇದೇ. ದುಃಖದಲ್ಲಿ ಇರುವಾಗ ಎಲ್ಲಾ ಮರೆತುಹೋಯಿತು ಅನಿಸುತ್ತದೆ. ಎಷ್ಟು ಮರೆತಿದೆ, ಎಷ್ಟು ಉಳಿದಿದೆ ಅಂತ ಅಳೆಯದೆ ಗೊತ್ತಾಗುವುದಿಲ್ಲ.

ಗೊತ್ತಿಲ್ಲದವರಿಗೆ ಪತ್ರಿಕೆಯ ಲೆಕ್ಕ ಹೇಳುತ್ತೇನೆ. ಒಟ್ಟು 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಎರಡು ಭಾಷೆಗೆ 30ರಂತೆ, ಮಕ್ಕಳ ಬೆಳವಣಿಗೆ ಮತ್ತು ಬೋಧನಾಶಾಸ್ತ್ರಕ್ಕೆ 30, ನಾನು ಆರಿಸಿಕೊಂಡ ಸಮಾಜ ವಿಜ್ಞಾನಕ್ಕೆ 60. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನನ್ನ ವರ್ಗಕ್ಕೆ ನೂರಕ್ಕೆ 60, ಅಂದರೆ 90 ಅಂಕ ಬೇಕಿತ್ತು.

ಬರೆಯುವಾಗ, ಅಂದಾಜಿಗೆ ಗುರುತು ಹಾಕಿದ ಪ್ರಶ್ನೆಗೆಲ್ಲ ಪಕ್ಕದಲ್ಲಿ ಸೊನ್ನೆ ಸುತ್ತಿದೆ. ನೋಡಿದರೆ 87 ಸರಿ ಇತ್ತು. ಅದರಲ್ಲಿ ಒಂಬತ್ತು ಸೊನ್ನೆ ಸುತ್ತಿದವು, ಅದೃಷ್ಟಕ್ಕೆ ಬಂದವು. ಅವನ್ನು ಬಿಟ್ಟರೆ ನನ್ನ ಕೈಯಲ್ಲಿ ನಿಜವಾಗಿ ಇದ್ದದ್ದು 78.

ಆಮೇಲೆ ತಪ್ಪಾದ 63 ಪ್ರಶ್ನೆಗಳನ್ನು ಒಂದೊಂದಾಗಿ ನೋಡಿ ಪಕ್ಕದಲ್ಲಿ ಒಂದಕ್ಷರ ಬರೆದೆ. ಮೊದಲು ಓದಿದ್ದು, ಈಗ ಮರೆತದ್ದು ಆದರೆ 'ಮ'. ಓದಿಯೇ ಇಲ್ಲದ್ದು ಆದರೆ 'ಹೊ', ಅಂದರೆ ಹೊಸದು. ಗೊತ್ತಿದ್ದೂ ಪ್ರಶ್ನೆ ಸರಿಯಾಗಿ ಓದದೆ ಕೆಟ್ಟದ್ದು ಆದರೆ 'ಗ', ಗಡಿಬಿಡಿ. ಮರೆತದ್ದು 26, ಹೊಸದು 25, ಗಡಿಬಿಡಿ 12 ಬಂತು.

ಈ ಸಂಖ್ಯೆ ನೋಡಿದ ಮೇಲೆ ಸ್ವಲ್ಪ ಉಸಿರಾಡಿದಂತಾಯಿತು. ಮರೆತದ್ದು, ಗಡಿಬಿಡಿ ಸೇರಿ 38. ಅದರಲ್ಲಿ ಅರ್ಧ ವಾಪಸ್ ಬಂದರೂ 78ಕ್ಕೆ 19 ಸೇರಿ 97. ಹೊಸದಾಗಿ ಒಂದು ಅಧ್ಯಾಯವನ್ನೂ ಓದದೆ ದಾಟಬಹುದು. ಉಳಿದವಕ್ಕೆ ಅಂದಾಜಿಗೆ ಗುರುತು ಹಾಕಿದರೆ ನಾಲ್ಕರಲ್ಲಿ ಒಂದು ಸರಿಯಾಗಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಒಮ್ಮೆ ಚೆನ್ನಾಗಿ ಕಲಿತು ಮರೆತದ್ದನ್ನು ಮತ್ತೆ ಕಲಿಯಲು ಮೊದಲಿನಷ್ಟು ಹೊತ್ತು ಬೇಕಾಗುವುದಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ಇದನ್ನು ತೋರಿಸಿದ್ದ. ನಾವು ಬಿ.ಇಡಿಯಲ್ಲಿ ಓದಿದ ಹೆಸರೇ ಅಲ್ವಾ. ಪಿಯಾಜೆಯ ನಾಲ್ಕು ಹಂತಗಳನ್ನು ಮೊದಲ ಸಲ ಕಲಿಯಲು ನನಗೆ ಎರಡು ದಿನ ಬೇಕಾಗಿತ್ತು. ಈಗ ಅರ್ಧ ಗಂಟೆಯಲ್ಲಿ ಉದಾಹರಣೆ ಸಮೇತ ವಾಪಸ್ ಬಂದವು. ಹಾಗಾಗಿ 'ಮ' ಬಿದ್ದ ವಿಷಯಗಳಿಗೇ ಮೊದಲ ಎರಡು ವಾರ ಕೊಟ್ಟೆ. ಸಮಾಜ ವಿಜ್ಞಾನದಲ್ಲಿ ಸಂವಿಧಾನ, ಕರ್ನಾಟಕದ ಇತಿಹಾಸ, ಭೂಗೋಳ ಇಟ್ಟುಕೊಂಡೆ. ಮುಟ್ಟದೇ ಇದ್ದ ವ್ಯವಹಾರ ಅಧ್ಯಯನವನ್ನು ಪೂರ್ತಿ ಬಿಟ್ಟೆ. ಬಿಟ್ಟ ಅಧ್ಯಾಯಗಳ ಪಟ್ಟಿ ಬರೆದು ಪುಸ್ತಕದೊಳಗೆ ಇಟ್ಟೆ. ಬರೆದಿಡದಿದ್ದರೆ ದಿನಾ 'ಅದು ಉಳಿದಿದೆ' ಅಂತ ತಲೆಯಲ್ಲಿ ಕೊರೆಯುತ್ತಿತ್ತು.

ವೇಳಾಪಟ್ಟಿಯನ್ನು ದಿನಕ್ಕೆ ಕಟ್ಟಲಿಲ್ಲ, ವಾರಕ್ಕೆ ಕಟ್ಟಿದೆ. ವಾರಕ್ಕೆ ಐದು ಪಾಠ, ಯಾವ ದಿನ ಬೇಕಾದರೂ ಆಗಲಿ. ದುಃಖದ ಮನೆಯಲ್ಲಿ ನಾಳೆ ಯಾರು ಬರುತ್ತಾರೆ, ಯಾವಾಗ ಅಳು ಬರುತ್ತದೆ ಹೇಳಲಾಗದು. ಮೊದಲೇ ಗೊತ್ತಿದ್ದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗೆರೆ ಎಳೆದು ಖಾಲಿ ಬಿಟ್ಟೆ. ತಿಂಗಳ ಕಾರ್ಯ, ಕಟಾವು ಮಷಿನ್ ಬರುವ ದಿನ, ಭತ್ತದ ಲೆಕ್ಕದ ದಿನ. ಏನೂ ಆಗದ ದಿನಕ್ಕೂ ಒಂದು ಕನಿಷ್ಠ ಇಟ್ಟಿದ್ದೆ: ಹಳೆಯ ಪತ್ರಿಕೆಯ ಇಪ್ಪತ್ತು ಪ್ರಶ್ನೆ ಬಿಡಿಸುವುದು, ಅಷ್ಟೇ. ಪುಟ ಓದಲು ಆಗದ ದಿನವೂ ಪ್ರಶ್ನೆ ಬಿಡಿಸಲು ಆಗುತ್ತಿತ್ತು, ಯಾಕೆಂದರೆ ಒಂದೊಂದು ಪ್ರಶ್ನೆಯೂ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ಓದು ತಲೆಗೆ ಹೋಗುತ್ತಿದೆಯೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ ಇಟ್ಟುಕೊಂಡಿದ್ದೆ. ಎರಡು ಪುಟ ಓದಿ, ಪುಸ್ತಕ ಮುಚ್ಚಿ, ಮೂರು ಅಂಶ ಬರೆಯುವುದು. ಬರೆಯಲು ಆಗದಿದ್ದರೆ ಅಂದು ಓದು ನಿಲ್ಲಿಸಿ ಆ ಇಪ್ಪತ್ತು ಪ್ರಶ್ನೆಗೆ ಇಳಿಯುತ್ತಿದ್ದೆ. ಮೊದಲ ವಾರ ಜಾಸ್ತಿ ದಿನ ಹೀಗೇ ಆಯಿತು. ನಿದ್ದೆ ಸರಿಯಾಗಿ ಬಂದ ಮಾರನೇ ದಿನ ಮೂರು ಅಂಶ ಸಲೀಸಾಗಿ ಬರುತ್ತಿದ್ದವು.

ಕಚೇರಿ ಕೆಲಸದ ವಿಷಯ ಒಂದು ಹೇಳಬೇಕು, ಯಾಕೆಂದರೆ ಓದಿನ ಹೊತ್ತನ್ನು ತಿನ್ನುವುದು ಅದೇ. ಎಲ್ಲರೂ ಒಂದೇ ಸಲ ಹೇಳುತ್ತಾರೆ: ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆ, ಬ್ಯಾಂಕು. ನಾನು ಮತ್ತು ತಮ್ಮ ಕೂತು ಯಾವುದಕ್ಕೆ ಗಡುವು ಇದೆ ಅಂತ ನೋಡಿದೆವು. ಮರಣ ನೋಂದಣಿ 21 ದಿನದೊಳಗೆ ಆಗಬೇಕು, ದಾಟಿದರೆ ದಂಡ, ಅಫಿಡವಿಟ್ ಅಂತ ಅಲೆದಾಟ. ಅದನ್ನು ತಮ್ಮ ತಕ್ಷಣ ಮುಗಿಸಿ ಪ್ರತಿಗಳನ್ನೂ ಜಾಸ್ತಿ ತೆಗೆಸಿಟ್ಟ. ನಾಡಕಚೇರಿಯ ವಂಶವೃಕ್ಷ, ಪೌತಿ ಖಾತೆ ಪರೀಕ್ಷೆ ಆದ ಮೇಲೆ ಅಂತ ಇಟ್ಟೆವು. 'ಹೊಲ ಎಲ್ಲೂ ಓಡಿ ಹೋಗಲ್ಲ ಅಕ್ಕ' ಅಂದ.

ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದರಿಂದಲೂ ಅನುಕೂಲವಾಯಿತು. ಅಪ್ಪ ಹೋಗಿ ತಿಂಗಳಾಗಿಲ್ಲ, ಮಗಳು ಪುಸ್ತಕ ಹಿಡಿದಿದ್ದಾಳೆ ಅಂತ ಜನ ಅಂದುಕೊಳ್ಳುತ್ತಾರೆ ಅನ್ನುವ ಹಿಂಜರಿಕೆ ನನಗೆ ಬಹಳ ಇತ್ತು. ಅವ್ವನಿಗೆ ಪರೀಕ್ಷೆಯ ತಾರೀಖು ಹೇಳಿ, ಬೆಳಿಗ್ಗೆ ಒಂದೂವರೆ ತಾಸು, ಮಧ್ಯಾಹ್ನ ಒಂದು ತಾಸು ಬೇಕು ಅಂದೆ. 'ಒಳಗ ಕುಂತು ಓದಿಕೊ ಹೋಗವ್ವ, ಬಂದೋರ್ನ ನಾ ಮಾತಾಡಿಸ್ತೀನಿ' ಅಂದಳು. ಮಧ್ಯಾಹ್ನದ ಹೊತ್ತು ಬೇಕೆಂದೇ ಕೇಳಿದ್ದೆ. ನಮ್ಮ ಪತ್ರಿಕೆ ಇದ್ದದ್ದು ಮಧ್ಯಾಹ್ನ 2ರಿಂದ 4.30. ಊಟವಾದ ಮೇಲಿನ ಆ ಮಂಪರಿನಲ್ಲಿ ಬರೆದು ಅಭ್ಯಾಸವಾಗಬೇಕಿತ್ತು.

ಕೊನೆಯ ಎರಡು ಭಾನುವಾರ ಪೂರ್ತಿ ಪತ್ರಿಕೆ ಬರೆದೆ. ಒಂದರಲ್ಲಿ ಕನ್ನಡದ ಗದ್ಯಭಾಗ ತಂದೆಯ ಬಗ್ಗೆಯೇ ಇತ್ತು. ಮೂರನೇ ಸಾಲಿಗೆ ಕಣ್ಣು ತುಂಬಿತು. ಆ ಗದ್ಯದ ಪ್ರಶ್ನೆಗಳನ್ನು ಬಿಟ್ಟು ಸಮಾಜ ವಿಜ್ಞಾನಕ್ಕೆ ಹೋದೆ, ಕೊನೆಗೆ ವಾಪಸ್ ಬಂದು ಬರೆದೆ. ನಿಜವಾದ ಪರೀಕ್ಷೆಗೂ ಅದೇ ನಿಯಮ ಇಟ್ಟುಕೊಂಡೆ. ಒಂದು ಎಚ್ಚರ: ಹೀಗೆ ಭಾಗ ಹಾರಿಸಿದಾಗ ಒಎಂಆರ್ ಹಾಳೆಯಲ್ಲಿ ಸಾಲು ತಪ್ಪುತ್ತದೆ. ಪ್ರತಿ ಹತ್ತು ಪ್ರಶ್ನೆಗೊಮ್ಮೆ ಪ್ರಶ್ನೆಯ ಸಂಖ್ಯೆ ಮತ್ತು ಹಾಳೆಯ ಸಂಖ್ಯೆ ತಾಳೆ ನೋಡಬೇಕು. ಕೊನೆಯ ಹತ್ತು ನಿಮಿಷ ಖಾಲಿ ಉಳಿದ ಸುತ್ತುಗಳಿಗೆಲ್ಲ ಏನಾದರೂ ಗುರುತು ಹಾಕುವುದಕ್ಕೆ.

ಫಲಿತಾಂಶದಲ್ಲಿ 101 ಬಂತು. ವ್ಯವಹಾರ ಅಧ್ಯಯನದ ಆ ಪಟ್ಟಿಯನ್ನು ಈಗ ತೆಗೆದಿದ್ದೇನೆ, ನೇಮಕಾತಿ ಪರೀಕ್ಷೆಗೆ ಅದೂ ಬೇಕು. ಪೌತಿ ಖಾತೆಗೆ ಅರ್ಜಿ ಹೋದ ವಾರ ಕೊಟ್ಟೆವು.