ಒಂದೇ ಪೀಕು 0.1, 0.2, 0.628, 50: ಫ್ರೀಕ್ವೆನ್ಸಿ ಆಕ್ಸಿಸ್ ನಾನು ಓದೋ ರೀತಿ

ನಾನು ಇಸಿಜಿ ಸಿಗ್ನಲ್ ಮೇಲೆ ಕೆಲಸ ಮಾಡೋನು. ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಹಾಗಾಗಿ ಎಲೆಕ್ಟ್ರೋಡ್ ವೈರುಗಳ ಮೂಲಕ ಆ ಹಮ್ ರೆಕಾರ್ಡಿಂಗ್ ಒಳಗೆ ಸೇರ್ಕೊಳ್ಳೋದು ಮಾಮೂಲಿ, ಅದನ್ನ ಒಂದು ಫ್ರೀಕ್ವೆನ್ಸಿಯ ಸುತ್ತ ಮಾತ್ರ ಕತ್ತರಿಸೋ ನಾಚ್ ಫಿಲ್ಟರ್ ಹಾಕಿ ತೆಗೀತೀವಿ. ಟೀಮಿಗೆ ಹೊಸದಾಗಿ ಬಂದ ಹುಡುಗಿ ಒಂದಿನ ಮೂರು ಪ್ಲಾಟ್ ತಂದು ಮುಂದಿಟ್ಟಳು. "ಸರ್, ಫೈಲ್ ಒಂದೇ, ಆದ್ರೆ ಒಂದ್ರಲ್ಲಿ ಪೀಕ್ 0.1ರಲ್ಲಿದೆ, ಇನ್ನೊಂದ್ರಲ್ಲಿ 0.2, ಮತ್ತೊಂದ್ರಲ್ಲಿ 0.628. ಇದ್ರಲ್ಲಿ 50 ಹರ್ಟ್ಜ್ ಯಾವ್ದು?" ಅಂತ ಕೇಳಿದಳು.

ಮೂರೂ ಅದೇ. ಇದನ್ನ ಅವಳಿಗೆ ಹೇಳಿಕೊಟ್ಟ ರೀತಿಯಲ್ಲೇ ಇಲ್ಲೂ ಬರೀತೀನಿ, ನಾನು ದಿನಾ ಆಕ್ಸಿಸ್ ಓದೋದೂ ಹೀಗೇನೇ.

ಮೊದಲು ಫ್ರೀಕ್ವೆನ್ಸಿ ಪ್ಲಾಟ್ ಪಕ್ಕಕ್ಕಿಟ್ಟು ಟೈಮ್ ಪ್ಲಾಟ್ ತೆಗೀರಿ, ಎರಡು ಬೀಟ್‌ಗಳ ಮಧ್ಯೆ ಇರೋ ಸಪಾಟು ಜಾಗಕ್ಕೆ ಝೂಮ್ ಮಾಡಿ, ಅಲ್ಲಿ ಹಮ್ ಸಣ್ಣ ಅಲೆ ತರ ಕಾಣುತ್ತೆ. ಒಂದು ಅಲೆ ಮುಗಿಯೋಕೆ ಎಷ್ಟು ಸ್ಯಾಂಪಲ್ ಬೇಕಾಯ್ತು ಅಂತ ಎಣಿಸಿ. ನಮ್ಮ ಫೈಲು ಸೆಕೆಂಡಿಗೆ 500 ಸ್ಯಾಂಪಲ್‌ದು, ಹಮ್ ಸೆಕೆಂಡಿಗೆ 50 ಸಲ ಸುತ್ತುತ್ತೆ, ಅಂದ್ರೆ ಒಂದು ಸುತ್ತಿಗೆ 10 ಸ್ಯಾಂಪಲ್. ಇದೇ ಮೂಲ ಸಂಖ್ಯೆ. 10 ಸ್ಯಾಂಪಲ್‌ಗೆ ಒಂದು ಸೈಕಲ್ ಅಂದ್ಮೇಲೆ ಒಂದು ಸ್ಯಾಂಪಲ್‌ಗೆ 0.1 ಸೈಕಲ್, ಅದು ಸೈಕಲ್ಸ್ ಪರ್ ಸ್ಯಾಂಪಲ್. ಒಂದು ಸೈಕಲ್ ಅಂದ್ರೆ 2π ರೇಡಿಯನ್, ಹಾಗಾಗಿ ಅದೇ 0.1ನ್ನ 2π ಇಂದ ಗುಣಿಸಿದ್ರೆ 0.628 ರೇಡಿಯನ್ಸ್ ಪರ್ ಸ್ಯಾಂಪಲ್. ಆ 10ನ್ನ ಪ್ಲಾಟಲ್ಲಿ ಎಣಿಸಿಯೇ ಪಡೆದ್ರೆ ಇಲ್ಲಿವರೆಗೂ ಸೆಕೆಂಡ್ ಅನ್ನೋದು ಲೆಕ್ಕಕ್ಕೇ ಬೇಕಾಗಿಲ್ಲ ನೋಡಿ, ಯಾಕಂದ್ರೆ ಅರೇ ಒಳಗಿರೋದು ಬರೀ ಸಂಖ್ಯೆಗಳ ಸಾಲು, ಅದಕ್ಕೆ ಸಮಯ ಗೊತ್ತಿಲ್ಲ. ಸ್ಯಾಂಪ್ಲಿಂಗ್ ರೇಟ್ ನಾವು ತಂದು ಗುಣಿಸಿದಾಗ ಮಾತ್ರ 0.1 × 500 = 50 ಹರ್ಟ್ಜ್ ಹುಟ್ಟುತ್ತೆ. ಆ ರೇಟ್ ತಪ್ಪು ಕೊಟ್ರೆ ಪ್ಲಾಟಿನ ಆಕಾರ ಒಂಚೂರೂ ಬದಲಾಗಲ್ಲ, ಕೆಳಗಿನ ಸಂಖ್ಯೆಗಳು ಮಾತ್ರ ಸುಳ್ಳಾಗ್ತವೆ, ಅದಕ್ಕೇ ಇದು ಕಣ್ಣಿಗೆ ಬೀಳೋದು ಕಷ್ಟ.

ಹಾಗಾದ್ರೆ 0.2 ಎಲ್ಲಿಂದ ಬಂತು? ಅದು ನೈಕ್ವಿಸ್ಟ್ ಅಂದ್ರೆ ಸ್ಯಾಂಪ್ಲಿಂಗ್ ರೇಟಿನ ಅರ್ಧವನ್ನ 1 ಅಂತ ಇಟ್ಕೊಂಡ ಅಳತೆ. ನಮಗೆ ನೈಕ್ವಿಸ್ಟ್ 250 ಹರ್ಟ್ಜ್, 50ನ್ನ 250ರಿಂದ ಭಾಗಿಸಿದ್ರೆ 0.2. ಮ್ಯಾಟ್‌ಲ್ಯಾಬ್‌ನ `freqz` ಪ್ಲಾಟ್ ಕೆಳಗೆ `×π rad/sample` ಅಂತ ಬರೆದಿರುತ್ತಲ್ಲ, ಅದು ಇದೇನೇ. ಆ π ಚಿಹ್ನೆಯನ್ನ ಬಿಟ್ಟು ಓದಿ 0.2 ರೇಡಿಯನ್ ಅಂದ್ಕೊಳ್ಳೋರು ತುಂಬಾ ಜನ, ಅಲ್ಲಿರೋದು 0.2π, ಅಂದ್ರೆ ಮತ್ತೆ 0.628.

ಲೇಬಲ್ ಇಲ್ಲದ ಪ್ಲಾಟ್ ಬಂದ್ರೆ ನಾನು ಮೊದಲು ನೋಡೋದು ಪೀಕನ್ನಲ್ಲ, ಆಕ್ಸಿಸ್ ಬಲಗಡೆ ಎಲ್ಲಿ ಮುಗಿಯುತ್ತೆ ಅಂತ. 0.5ಕ್ಕೆ ಮುಗಿದ್ರೆ ಸೈಕಲ್ಸ್ ಪರ್ ಸ್ಯಾಂಪಲ್, 3.14ಕ್ಕೆ ಮುಗಿದ್ರೆ ರೇಡಿಯನ್ಸ್ ಪರ್ ಸ್ಯಾಂಪಲ್, 250ಕ್ಕೆ ಮುಗಿದ್ರೆ ಹರ್ಟ್ಜ್. 1ಕ್ಕೆ ಮುಗಿದಾಗ ಮಾತ್ರ ಸ್ವಲ್ಪ ನಿಂತು ನೋಡ್ಬೇಕು, ಅದು ನೈಕ್ವಿಸ್ಟ್ ಅಳತೆನೂ ಇರಬಹುದು ಅಥವಾ ಯಾರೋ ಪೂರ್ತಿ ಎಫ್‌ಎಫ್‌ಟಿನ ಸೈಕಲ್ಸ್ ಪರ್ ಸ್ಯಾಂಪಲ್‌ನಲ್ಲಿ 0ಯಿಂದ 1ರವರೆಗೆ ಬಿಡಿಸಿರಬಹುದು. ಬಲ ಅರ್ಧ ಎಡ ಅರ್ಧದ ಕನ್ನಡಿ ಪ್ರತಿಬಿಂಬ ತರ ಇದ್ರೆ, 0.1ರಲ್ಲಿರೋ ಪೀಕ್ 0.9ರಲ್ಲೂ ಇದ್ರೆ, ಅದು ಎರಡನೇದು. ರಿಯಲ್ ಸಿಗ್ನಲ್‌ಗೆ ಆ ಪ್ರತಿಬಿಂಬ ಬಂದೇ ಬರುತ್ತೆ.

ಈಗ ನಿಜವಾಗಿ ಕೆಲಸ ಕೆಡೋ ಜಾಗ. ಪೈಥಾನ್‌ನ ಸೈಪೈ ಒಂದೇ ಲೈಬ್ರರಿ, ಆದ್ರೆ `fs` ಅಂದ್ರೆ ಸ್ಯಾಂಪ್ಲಿಂಗ್ ರೇಟ್ ಕೊಡದೇ ಬಿಟ್ರೆ ಒಂದೊಂದು ಫಂಕ್ಷನ್ ಒಂದೊಂದು ಅಳತೆ ಇಟ್ಕೊಳ್ಳುತ್ತೆ. ಸ್ಪೆಕ್ಟ್ರಮ್ ಲೆಕ್ಕ ಹಾಕೋ `welch`ಗೆ ಡಿಫಾಲ್ಟ್ `fs` 1, ಹಾಗಾಗಿ ಉತ್ತರ ಸೈಕಲ್ಸ್ ಪರ್ ಸ್ಯಾಂಪಲ್‌ನಲ್ಲಿ. ನಾಚ್ ಫಿಲ್ಟರ್ ಡಿಸೈನ್ ಮಾಡೋ `iirnotch`ಗೆ 2, ಹಾಗಾಗಿ ನೈಕ್ವಿಸ್ಟ್ ಅಂದ್ರೆ 1. ಫಿಲ್ಟರ್ ಯಾವ ಫ್ರೀಕ್ವೆನ್ಸಿಯನ್ನ ಎಷ್ಟು ಬಿಡುತ್ತೆ ಅಂತ ತೋರಿಸೋ `freqz`ಗೆ 2π, ಹಾಗಾಗಿ ರೇಡಿಯನ್ಸ್. ನನಗಂತೂ ಇದು ಗಟ್ಟಿಯಾಗಿ ಮನಸ್ಸಲ್ಲಿ ಕೂತಿದ್ದು ಹೀಗೆ ನೋಡಿದ್ಮೇಲೆ: ಇವು ಬೇರೆ ಬೇರೆ ಆಕ್ಸಿಸ್‌ಗಳೇ ಅಲ್ಲ, ಸ್ಯಾಂಪ್ಲಿಂಗ್ ರೇಟನ್ನ 1 ಅಂತೀರೋ, 2 ಅಂತೀರೋ, 2π ಅಂತೀರೋ, 500 ಅಂತೀರೋ, ವ್ಯತ್ಯಾಸ ಅಷ್ಟೇ. ಪೂರ್ತಿ ಎಫ್‌ಎಫ್‌ಟಿ ಬಿಡಿಸದೇ ಇದ್ರೆ ಆಕ್ಸಿಸ್ ಯಾವಾಗ್ಲೂ ಅದರ ಅರ್ಧಕ್ಕೆ ಮುಗಿಯುತ್ತೆ.

ಆ ಹುಡುಗಿ `welch` ಪ್ಲಾಟಲ್ಲಿ 0.1 ನೋಡಿ ಅದನ್ನೇ `iirnotch(0.1, 30)` ಅಂತ ಹಾಕಿದ್ದಳು. ಎರರ್ ಏನೂ ಬರಲ್ಲ, ಯಾಕಂದ್ರೆ 0.1 ಅಲ್ಲೂ ನ್ಯಾಯವಾದ ಸಂಖ್ಯೆನೇ, ಆದ್ರೆ ಅಲ್ಲಿ ಅದರ ಅರ್ಥ 250ರ ಹತ್ತನೇ ಒಂದು ಭಾಗ, ಅಂದ್ರೆ 25 ಹರ್ಟ್ಜ್. ಹಮ್ ಹಾಗೇ ಉಳೀತು, ಅದರ ಜೊತೆಗೆ ಪ್ರತಿ ಬೀಟಿನ ಚೂಪಾದ ಭಾಗವಾದ ಕ್ಯೂಆರ್‌ಎಸ್‌ನ ಶಕ್ತಿ ಇರೋ ಜಾಗದಲ್ಲೇ ಒಂದು ತೂತು ಬಿತ್ತು. ಫಿಲ್ಟರ್ ಹಾಕಿದ್ಮೇಲೆ ಸ್ಪೆಕ್ಟ್ರಮ್ ಮತ್ತೆ ಬಿಡಿಸಿದ್ರೆ ತಕ್ಷಣ ಗೊತ್ತಾಗುತ್ತೆ, ಹಳೇ ಪೀಕ್ ನಿಂತಿರುತ್ತೆ, ಅದರ ಅರ್ಧದ ಫ್ರೀಕ್ವೆನ್ಸಿಯಲ್ಲಿ ಹೊಸ ಗುಂಡಿ ಇರುತ್ತೆ. ಹೀಗೆ ಸರಿಯಾಗಿ ಎರಡು ಪಟ್ಟಿನ ವ್ಯತ್ಯಾಸ ಕಂಡ್ರೆ ಸೈಕಲ್ಸ್ ಮತ್ತೆ ನೈಕ್ವಿಸ್ಟ್ ಕಲಸಿಹೋಗಿದೆ ಅಂತ, 3.14 ಪಟ್ಟಿನ ವ್ಯತ್ಯಾಸ ಕಂಡ್ರೆ ರೇಡಿಯನ್ಸ್ ಮತ್ತೆ ನೈಕ್ವಿಸ್ಟ್, 6.28 ಪಟ್ಟು ಇದ್ರೆ ಸೈಕಲ್ಸ್ ಮತ್ತೆ ರೇಡಿಯನ್ಸ್. ಉದಾಹರಣೆಗೆ ಇಲ್ಲೇ 0.1 ಬದಲು 0.628 ಹಾಕಿದ್ರೆ ಗುಂಡಿ 50ರ 3.14 ಪಟ್ಟು, ಅಂದ್ರೆ 157 ಹರ್ಟ್ಜ್‌ಗೆ ಹೋಗಿ ಕೂರ್ತಿತ್ತು.

ಅದಕ್ಕೆ ನಾನು ಕೋಡಲ್ಲಿ ಎಲ್ಲಾ ಕಡೆ `fs` ಬರೆದೇ ಬರೀತೀನಿ, ಡಿಫಾಲ್ಟ್ ಮೇಲೆ ಬಿಡಲ್ಲ, ಜೊತೆಗೆ ಫಿಲ್ಟರ್ ಡಿಸೈನ್ ಆದ ತಕ್ಷಣ ಅದರ ಗುಂಡಿ ಎಲ್ಲಿದೆ ಅಂತ ಅದನ್ನೇ ಕೇಳ್ತೀನಿ:

```python
from scipy import signal

fs = 500
b, a = signal.iirnotch(50, 30, fs=fs)
f, h = signal.freqz(b, a, worN=8192, fs=fs)
print(f[abs(h).argmin()])
```

ಇದು 49.99 ಹತ್ರದ ಸಂಖ್ಯೆ ಕೊಡುತ್ತೆ, ಸರಿಯಾಗಿ 50 ಬರದೇ ಇರೋದು ಗ್ರಿಡ್ ಪಾಯಿಂಟು 50ರ ಮೇಲೇ ಬೀಳದೇ ಇರೋದ್ರಿಂದ, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಇನ್ನೊಂದು ಸಂಗತಿ ಹೇಳ್ಲೇಬೇಕು. ಫೈಲ್ ಸಣ್ಣದಾಗ್ಲಿ ಅಂತ 500ನ್ನ 250 ಸ್ಯಾಂಪಲ್‌ಗೆ ಇಳಿಸ್ತಾರಲ್ಲ, ಆಗ ಹರ್ಟ್ಜ್ ಆಕ್ಸಿಸ್ ಮೇಲೆ ಹಮ್ 50ರಲ್ಲೇ ಇರುತ್ತೆ, ಆದ್ರೆ ಸೈಕಲ್ಸ್ ಪರ್ ಸ್ಯಾಂಪಲ್ 0.1 ಇದ್ದಿದ್ದು 0.2 ಆಗುತ್ತೆ. ಅಂದ್ರೆ 500ಕ್ಕೆ ಮಾಡಿದ ಫಿಲ್ಟರ್ ಕೋಎಫಿಷಿಯೆಂಟ್‌ಗಳನ್ನ 250ರ ಡೇಟಾಗೆ ಹಾಕಿದ್ರೆ ಗುಂಡಿ 25 ಹರ್ಟ್ಜ್‌ಗೆ ಬರುತ್ತೆ, ಯಾಕಂದ್ರೆ ಫಿಲ್ಟರ್‌ಗೆ ಗೊತ್ತಿರೋದು ಪರ್ ಸ್ಯಾಂಪಲ್ ಲೆಕ್ಕ ಮಾತ್ರ. ಮತ್ತೆ ಲೋಪಾಸ್ ಹಾಕದೇ ಒಂದು ಬಿಟ್ಟು ಒಂದು ಸ್ಯಾಂಪಲ್ ಎತ್ಕೊಂಡ್ರೆ, ಹಮ್‌ನ ಮೂರನೇ ಹಾರ್ಮೋನಿಕ್ 150 ಹರ್ಟ್ಜ್ 0.3ರಿಂದ 0.6ಕ್ಕೆ ಹೋಗುತ್ತೆ, 0.5 ದಾಟಿದ್ದು ಮಡಚ್ಕೊಂಡು 0.4ರಲ್ಲಿ ಕಾಣುತ್ತೆ. ಹರ್ಟ್ಜ್ ಆಕ್ಸಿಸ್ ಅದನ್ನ 100 ಅಂತ ತೋರಿಸುತ್ತೆ, ನೋಡಿದವರು ಎರಡನೇ ಹಾರ್ಮೋನಿಕ್ ಅಂದ್ಕೋತಾರೆ. ಡೌನ್‌ಸ್ಯಾಂಪಲ್ ಆದ ಡೇಟಾದಲ್ಲಿ 100ರಲ್ಲಿ ಪೀಕ್ ಕಂಡ್ರೆ ಮೂಲ 500ರ ಫೈಲಲ್ಲಿ 100ರಲ್ಲಿ ಏನಾದ್ರೂ ಇದೆಯಾ ಅಂತ ನೋಡಿ, ಅಲ್ಲಿ ಖಾಲಿ ಇದ್ದು 150ರಲ್ಲಿ ಪೀಕ್ ಇದ್ರೆ ಅದು ಮಡಚಿ ಬಂದಿದ್ದೇ.