‘ಆರು ಲಕ್ಷ ಉಳಿದಿದೆಯಲ್ಲ, ಖರ್ಚು ಮಾಡೋಣ’ ಅನ್ನುವವರಿಗೆ ಖಜಾಂಚಿ ಬರೆಯಬೇಕಾದ ಪತ್ರ

ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಲೆಕ್ಕ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಕೊನೆಯ ಸಾಲಿಗೆ. ‘ಖರ್ಚು ಕಳೆದು ಉಳಿದ ಆದಾಯ 6,00,000 ರೂಪಾಯಿ.’ ಅಲ್ಲಿಂದ ಶುರು. ಗೇಟಿಗೆ ಬಣ್ಣ ಹೊಡೆಸಿ, ಮಕ್ಕಳಿಗೆ ಜೋಕಾಲಿ ಹಾಕಿಸಿ, ಈ ವರ್ಷ ಮೈಂಟೆನೆನ್ಸ್ ಕಡಿಮೆ ಮಾಡಿ. ಬೆಂಗಳೂರಿನ ನಮ್ಮ ಸಂಘದಲ್ಲೂ ಆಗಿದೆ, ಅಕ್ಕಪಕ್ಕದವುಗಳಲ್ಲೂ ನೋಡಿದ್ದೇನೆ. ಆಗ ಖಜಾಂಚಿ ಎದ್ದು ನಿಂತು ‘ಅದು ಬರೀ ಪುಸ್ತಕದ ಲೆಕ್ಕ, ದುಡ್ಡಲ್ಲ’ ಅಂದುಬಿಡುತ್ತಾರೆ. ಹಾಗಾದರೆ ದುಡ್ಡು ಎಲ್ಲಿ ಹೋಯಿತು ಅಂತ ಜನ ಕೇಳೇ ಕೇಳುತ್ತಾರೆ, ಕೇಳುವುದು ಸರಿಯೂ ಹೌದು. ಅದಕ್ಕೆ ಉತ್ತರ ಸಭೆಗೆ ಮೊದಲೇ ಒಂದು ಪುಟದ ಪತ್ರದಲ್ಲಿ ಮನೆ ಸೇರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 64 ಮನೆ, ತಿಂಗಳಿಗೆ ತಲಾ 4,000 ಮೈಂಟೆನೆನ್ಸ್. ವರ್ಷಕ್ಕೆ 30,72,000. ಎಫ್‌ಡಿ ಬಡ್ಡಿ 1,40,000. ಒಟ್ಟು ಆದಾಯ 32,12,000. ಖರ್ಚು 26,12,000, ಅದರಲ್ಲಿ 90,000 ಸವಕಳಿ, ಅಂದರೆ ಯಂತ್ರಗಳು ಸವೆದದ್ದಕ್ಕೆ ಬರೆದ ಮೊತ್ತ. ಉಳಿದದ್ದು 6,00,000. ಆದರೆ ಬ್ಯಾಂಕಿನಲ್ಲಿ ಏಪ್ರಿಲ್ 1ಕ್ಕೆ 2,60,000 ಇತ್ತು, ಮಾರ್ಚ್ 31ಕ್ಕೆ 4,00,000 ಇದೆ. ಹೆಚ್ಚಾದದ್ದು 1,40,000 ಮಾತ್ರ. (ಎಫ್‌ಡಿ ಬಡ್ಡಿಯೂ ಅಷ್ಟೇ ಇರುವುದು ಕಾಕತಾಳೀಯ, ಎರಡನ್ನೂ ಬೆರೆಸಬೇಡಿ.)

ಪತ್ರ ಹೇಳಬೇಕಾದದ್ದು ಇಷ್ಟೇ: ಆರು ಲಕ್ಷದಿಂದ ಹೊರಟು 1,40,000ಕ್ಕೆ ಬಂದು ನಿಲ್ಲುವುದು ಹೇಗೆ.

ಮೊದಲ ಕೆಲಸ, ಪಾಸ್‌ಬುಕ್‌ನ ಎರಡು ತುದಿ ಬರೆದುಕೊಳ್ಳಿ. ಹಾಕಿದ ಚೆಕ್ ಜಮಾ ಆಗಿಲ್ಲದಿದ್ದರೆ ಅದನ್ನು ಸರಿಹೊಂದಿಸಿಕೊಳ್ಳಿ. ಇದಕ್ಕೆ ಹತ್ತು ನಿಮಿಷ ಸಾಕು.

ಎರಡನೆಯದು ಬಾಕಿ. ಜಾಸ್ತಿ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಬಿಲ್ ಕಳಿಸಿದ ದಿನವೇ ಮೈಂಟೆನೆನ್ಸ್ ಆದಾಯ ಅಂತ ಬರೆದಾಗುತ್ತದೆ. ಕಟ್ಟಿದರೋ ಇಲ್ಲವೋ, ಆದಾಯದ ಪಟ್ಟಿ ಕೇಳುವುದಿಲ್ಲ. ತಡವಾದವರಿಗೆ ಹಾಕಿದ ದಂಡಬಡ್ಡಿ ಇದ್ದರೆ ಅದೂ ಹಾಗೇ. ನಮ್ಮ ಉದಾಹರಣೆಯಲ್ಲಿ ಮಾರ್ಚ್ 31ಕ್ಕೆ ಬಾಕಿ 3,50,000. ಖಜಾಂಚಿ ತಕ್ಷಣ ಆರು ಲಕ್ಷದಿಂದ ಮೂರೂವರೆ ಲಕ್ಷ ಕಳೆದುಬಿಡುತ್ತಾರೆ. ಅದು ತಪ್ಪು. ಇದರಲ್ಲಿ 1,10,000 ಕಳೆದ ವರ್ಷದ ಕೊನೆಗೇ ಬಾಕಿ ಇತ್ತು, ಅದು ಕಳೆದ ವರ್ಷದ ಆದಾಯದಲ್ಲಿ ಸೇರಿಹೋಗಿದೆ. ಈ ವರ್ಷದ ಉಳಿಕೆಯಿಂದ ಕಳೆಯಬೇಕಾದದ್ದು ಬಾಕಿ ಎಷ್ಟು ಏರಿತೋ ಅಷ್ಟು, ಅಂದರೆ 2,40,000. ಪೂರ್ತಿ ಮೂರೂವರೆ ಲಕ್ಷ ಕಳೆದಿದ್ದರೆ ಕೊನೆಯಲ್ಲಿ ಲೆಕ್ಕ ಸರಿಯಾಗಿ 1,10,000 ಕಡಿಮೆ ಬೀಳುತ್ತದೆ. ವ್ಯತ್ಯಾಸ ಹಳೆಯ ಬಾಕಿಗೆ ಸಮ ಬಂದರೆ ಎಡವಿದ್ದು ಇಲ್ಲೇ ಅಂತ ತಿಳಿಯಿರಿ.

ಬಾಕಿಯ ಅಂಕಿ ನಿಜವೇ ಅಂತ ನೋಡಲು ಒಂದು ದಾರಿ ಇದೆ. ಹಳೆಯ ಬಾಕಿ 1,10,000ಕ್ಕೆ ಈ ವರ್ಷದ ಬಿಲ್ 30,72,000 ಸೇರಿಸಿ, ಈಗಿನ ಬಾಕಿ 3,50,000 ಕಳೆಯಿರಿ. 28,32,000 ಬರುತ್ತದೆ. ವರ್ಷದಲ್ಲಿ ಸದಸ್ಯರಿಂದ ವಸೂಲಾದದ್ದು ಇಷ್ಟಿರಬೇಕು. ಈಗ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಸದಸ್ಯರ ಜಮಾ ಎಲ್ಲ ಕೂಡಿ. ನಮ್ಮಲ್ಲಿ 28,82,000 ಬಂತು, 50,000 ಜಾಸ್ತಿ. ಹುಡುಕಿದರೆ ಅದು ಕೆಲವರು ಮುಂದಿನ ವರ್ಷಕ್ಕೆ ಮುಂಗಡ ಕಟ್ಟಿದ ಹಣ. ಹಾಗಲ್ಲದೆ ಬೇರೆ ವ್ಯತ್ಯಾಸ ಬಂದರೆ ಮೊದಲು ಯುಪಿಐ ಜಮಾ ನೋಡಿ. ಮನೆ ನಂಬರ್ ಬರೆಯದೆ ಹಣ ಹಾಕಿರುತ್ತಾರೆ, ಹೆಂಡತಿಯ ಖಾತೆಯಿಂದಲೋ ಬಾಡಿಗೆದಾರರ ಖಾತೆಯಿಂದಲೋ ಬಂದಿರುತ್ತದೆ. ಲೆಕ್ಕ ಬರೆಯುವವರು ‘ಯಾರದ್ದೋ’ ಅಂತ ಪಕ್ಕಕ್ಕಿಟ್ಟಿರುತ್ತಾರೆ. ಅತ್ತ ಆ ಮನೆಯವರು ಬಾಕಿ ಪಟ್ಟಿಯಲ್ಲೇ ಉಳಿದಿರುತ್ತಾರೆ. ಹಣ ಕಟ್ಟಿದವರಿಗೆ ಬಾಕಿ ಅಂತ ಹೇಳಿದರೆ ಆಮೇಲೆ ನಿಮ್ಮ ಯಾವ ಅಂಕಿಯನ್ನೂ ಅವರು ನಂಬುವುದಿಲ್ಲ.

ಪತ್ರದಲ್ಲಿ ಬಾಕಿದಾರರ ಹೆಸರು ಬೇಡವೇ ಬೇಡ. ಒಟ್ಟು ಮೊತ್ತ, ಎಷ್ಟು ಮನೆ, ಅಷ್ಟು ಸಾಕು. ಹೆಸರು ಹಾಕಿದರೆ ಸಭೆಯಲ್ಲಿ ಲೆಕ್ಕದ ಮಾತು ಹೋಗಿ ಜಗಳ ಉಳಿಯುತ್ತದೆ.

ಸಂಘದ ಆಪ್‌ಗಳಲ್ಲಿ ‘ಕ್ಯಾಶ್ ಫ್ಲೋ’ ಅಂತ ಒಂದು ಒತ್ತಿದರೆ ಬರುವ ವರದಿ ಇರುತ್ತದೆ. ನಾನು ಬಳಸಿದ ಒಂದರಲ್ಲಿ ಉಳಿತಾಯ ಖಾತೆಯಿಂದ ಎಫ್‌ಡಿಗೆ ಹಾಕಿದ ಹಣವೂ ಖರ್ಚಾಗಿ ಕಾಣುತ್ತಿತ್ತು. ಅದನ್ನು ನಂಬಿ ಪತ್ರಕ್ಕೆ ಅಂಟಿಸಬೇಡಿ, ಕೈಯಲ್ಲೇ ಮಾಡಿ. ಆರು ಸಾಲು ಅಷ್ಟೇ ಅಲ್ವಾ.

ಮೂರನೆಯದು ಎಫ್‌ಡಿ ಬಡ್ಡಿ. ಅವಧಿ ಮುಗಿದಾಗ ಒಟ್ಟಿಗೆ ಬರುವ ಎಫ್‌ಡಿಯಾದರೆ ಬಡ್ಡಿ ಎಫ್‌ಡಿಯಲ್ಲೇ ಕೂಡಿಕೊಂಡಿರುತ್ತದೆ, ಟಿಡಿಎಸ್ ಹಿಡಿದಿದ್ದರೆ ಆ ಭಾಗ ತೆರಿಗೆ ಇಲಾಖೆಯಲ್ಲಿರುತ್ತದೆ. ಆದಾಯದಲ್ಲಿ ಪೂರ್ತಿ 1,40,000 ಬರೆದಿದ್ದೇವೆ, ಉಳಿತಾಯ ಖಾತೆಗೆ ಒಂದು ರೂಪಾಯಿಯೂ ಬಂದಿಲ್ಲ. ಎಫ್‌ಡಿ ಮುರಿಸಿ ಅಂತ ಒಬ್ಬರಾದರೂ ಕೇಳುತ್ತಾರೆ. ಈ ಎಫ್‌ಡಿ ಸಂಘದ ಕಾರ್ಪಸ್, ಅಂದರೆ ದೊಡ್ಡ ಕೆಲಸಗಳಿಗೆ ಎತ್ತಿಟ್ಟ ಹಣ; ಅದರ ಬಡ್ಡಿಗೂ ಕೈ ಹಾಕಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲಿಫ್ಟ್ ಬದಲಿಸುವ ವರ್ಷ, ಹೊರಗೋಡೆಗೆ ಬಣ್ಣ ಹೊಡೆಸುವ ವರ್ಷ ಅದೇ ಬೇಕಾಗುತ್ತದೆ.

ನಾಲ್ಕನೆಯದು ಖರೀದಿ. ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿಗೆ 2,20,000 ಕೊಟ್ಟು ಹೊಸ ಬ್ಲೋವರ್ ತಂದಿದ್ದೇವೆ. ಹಣ ಪೂರ್ತಿ ಹೋಯಿತು, ಆದರೆ ವರ್ಷಗಟ್ಟಲೆ ನಡೆಯುವ ಯಂತ್ರವಾದ್ದರಿಂದ ಅದು ಖರ್ಚಿನ ಪಟ್ಟಿಯಲ್ಲಿಲ್ಲ, ಆಸ್ತಿಯ ಪಟ್ಟಿಯಲ್ಲಿದೆ. ಖರ್ಚಿಗೆ ಬರುವುದು ಪ್ರತಿ ವರ್ಷದ ಸವಕಳಿ ಮಾತ್ರ. ಸವಕಳಿಗೆ ಯಾರಿಗೂ ಹಣ ಕೊಡುವುದಿಲ್ಲ, ಹಾಗಾಗಿ ಆ 90,000ವನ್ನು ವಾಪಸ್ ಕೂಡಬೇಕು. ಇದನ್ನು ಮರೆಯುವವರು ಬಹಳ.

ಈಗ ಪತ್ರದ ಒಡಲು ಹೀಗೆ ಬರೆಯಿರಿ:

‘ಸದಸ್ಯರೇ, ಈ ವರ್ಷದ ಉಳಿಕೆ 6,00,000 ರೂಪಾಯಿ. ಅದು ಎಲ್ಲಿದೆ ಎಂಬ ಲೆಕ್ಕ ಇದು.
ಉಳಿಕೆ: 6,00,000
ಸವಕಳಿ, ಹಣ ಹೋಗಿಲ್ಲ, ಕೂಡಿದೆ: 90,000
ಈ ವರ್ಷ ಏರಿದ ಮೈಂಟೆನೆನ್ಸ್ ಬಾಕಿ, ಕಳೆದಿದೆ: 2,40,000
ಖಾತೆಗೆ ಬಾರದ ಎಫ್‌ಡಿ ಬಡ್ಡಿ, ಕಳೆದಿದೆ: 1,40,000
ಹೊಸ ಬ್ಲೋವರ್, ಕಳೆದಿದೆ: 2,20,000
ಕೆಲವು ಸದಸ್ಯರು ಕಟ್ಟಿದ ಮುಂಗಡ, ಕೂಡಿದೆ: 50,000
ಬ್ಯಾಂಕಿನಲ್ಲಿ ಹೆಚ್ಚಾದದ್ದು: 1,40,000’

ಇಲ್ಲಿಗೆ ನಿಲ್ಲಿಸಿದರೆ ‘ಸರಿ, ಬ್ಯಾಂಕಿನಲ್ಲಿ ನಾಲ್ಕು ಲಕ್ಷ ಇದೆಯಲ್ಲ’ ಅನ್ನುತ್ತಾರೆ. ಅದಕ್ಕೇ ಇನ್ನೊಂದು ಪ್ಯಾರಾ ಬೇಕು. ಸೆಕ್ಯೂರಿಟಿ ಏಜೆನ್ಸಿಯ ಮಾರ್ಚ್ ಬಿಲ್ 1,20,000 ಏಪ್ರಿಲ್ ಮೊದಲ ವಾರ ಕೊಡಬೇಕು. ಕಳೆದ ಮಾರ್ಚ್‌ನಲ್ಲೂ ಅಷ್ಟೇ ಬಾಕಿ ಇದ್ದದ್ದರಿಂದ ಮೇಲಿನ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಮುಂಗಡದ 50,000 ಮುಂದಿನ ತಿಂಗಳುಗಳಿಗೆ ಸೇರಿದ್ದು. ಎರಡನ್ನೂ ಕಳೆದರೆ 2,30,000. ಸವಕಳಿ ಬಿಟ್ಟು ನಮ್ಮ ತಿಂಗಳ ಖರ್ಚು ಸುಮಾರು 2,10,000. ಅಂದರೆ ಕೈಯಲ್ಲಿರುವುದು ಒಂದು ತಿಂಗಳು ನಡೆಸುವಷ್ಟು, ಅದರ ಮೇಲೆ 20,000. ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಾದದ್ದು ಈ ಸಾಲು, ಆರು ಲಕ್ಷದ್ದಲ್ಲ.

ಲೆಕ್ಕ ನೂರಿನ್ನೂರು ರೂಪಾಯಿ ಹೊಂದದಿದ್ದರೆ ‘ಇತರೆ’ ಅಂತ ಸುಮ್ನೆ ತುಂಬಿಸಬೇಡಿ. ಆ ಸಾಲನ್ನೇ ಹಿಡಿದು ಪ್ರಶ್ನೆ ಬರುತ್ತದೆ, ಉತ್ತರ ನಿಮ್ಮಲ್ಲಿ ಇರುವುದಿಲ್ಲ. ಬ್ಯಾಂಕ್ ಚಾರ್ಜ್, ಹಿಂದಿರುಗಿದ ಚೆಕ್, ಎರಡು ಸಲ ಬರೆದ ವೋಚರ್, ಇವುಗಳಲ್ಲಿ ಒಂದು ಸಿಕ್ಕೇ ಸಿಗುತ್ತದೆ.

ಆಡಿಟ್ ಆದ ಲೆಕ್ಕದ ಜೊತೆಗೇ ಪತ್ರ ಹೋಗಲಿ. ಬರೀ ವಾಟ್ಸಾಪ್ ಗುಂಪಿಗೆ ಹಾಕಿ ಬಿಡಬೇಡಿ, ಸಂಜೆಯೊಳಗೆ ಮೇಲೆ ಸರಿದುಹೋಗಿರುತ್ತದೆ. ಮುದ್ರಿಸಿ ಮನೆಮನೆಗೆ ಕೊಡಿ. ಕೊನೆಯ ಸಾಲು ಹೀಗಿರಲಿ: ‘ಪಾಸ್‌ಬುಕ್, ಎಫ್‌ಡಿ ರಸೀದಿ ಮತ್ತು ಬ್ಲೋವರ್ ಬಿಲ್ ಶನಿವಾರ ಸಂಜೆ 5ರಿಂದ 7ರವರೆಗೆ ಸಂಘದ ಕಚೇರಿಯಲ್ಲಿ ಇರುತ್ತವೆ, ಬಂದು ನೋಡಿ.’